ವಿನಿಮಯದ ದರದಲ್ಲಿ ಅಡಗಿರುವ ಕಡಿತ

2025ರ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಅಮೆರಿಕದ ಡಾಲರಿನ ಬೆಲೆ 90 ರೂಪಾಯಿಗಳನ್ನು ದಾಟಿದಾಗ ಆ ಸುದ್ದಿಯು ದೇಶದ ಪತ್ರಿಕೆಗಳಲ್ಲೆಲ್ಲ ಪ್ರಧಾನ ಸ್ಥಾನವನ್ನು ಪಡೆಯಿತು. ರೂಪಾಯಿ ಇಳಿದರೆ ಆಮದು ಮಾಡುವವನಿಗೆ ನಷ್ಟ, ರಫ್ತು ಮಾಡುವವನಿಗೆ ಲಾಭ ಎಂಬ ಹಳೆಯ ಸೂತ್ರವನ್ನು ಎಲ್ಲರೂ ಮತ್ತೊಮ್ಮೆ ಪಠಿಸಿದರು. 1966ರ ಜೂನ್ 6ರಂದು ಸರಕಾರವು ಡಾಲರಿನ ಬೆಲೆಯನ್ನು 4 ರೂ. 76 ಪೈಸೆಗಳಿಂದ 7 ರೂ. 50 ಪೈಸೆಗಳಿಗೆ ಏರಿಸಿದಾಗಲೂ ಇದೇ ಮಾತನ್ನು ಹೇಳಲಾಗಿತ್ತು. ಸೂತ್ರವೇನೋ ಸರಿಯಾದುದೇ. ಆದರೆ ಆ ಲಾಭವು ರಫ್ತು ಮಾಡುವವನ ಕೈಗೆ ಪೂರ್ತಿಯಾಗಿ ತಲುಪುತ್ತದೆಯೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ರಫ್ತುದಾರನೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಓಖ್ಲಾದ ಉಡುಪು ಕಾರಖಾನೆಯ ಒಡೆಯ, ಮೊರಾದಾಬಾದಿನ ಹಿತ್ತಾಳೆಯ ವ್ಯಾಪಾರಿ. ಇಂದು ಇವರ ಪಕ್ಕದಲ್ಲಿ ಇನ್ನೊಂದು ವರ್ಗವು ತಲೆಯೆತ್ತಿದೆ. ನೊಯಿಡಾ, ಗುರುಗ್ರಾಮ, ಇಂದಿರಾಪುರಂ ಮೊದಲಾದ ಕಡೆಗಳ ವಸತಿಗೃಹಗಳಲ್ಲಿ, ಮನೆಯ ಒಂದು ಕೋಣೆಯನ್ನೇ ಉಗ್ರಾಣವಾಗಿ ಮಾಡಿಕೊಂಡು, ಎಟ್ಸಿ, ಈಬೇ, ಅಮೆಜಾನ್ ಮುಂತಾದ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಕರಕುಶಲ ವಸ್ತುಗಳನ್ನು ಪರದೇಶಗಳಿಗೆ ಕಳುಹಿಸುವವರು ಇವರು. ನಮ್ಮ ಕನ್ನಡಿಗರೂ ಇವರಲ್ಲಿದ್ದಾರೆ. ಬಾಬಾ ಖಡಕ್ ಸಿಂಗ್ ಮಾರ್ಗದ ಕಾವೇರಿ ಮಳಿಗೆಯಲ್ಲಿ ದಿಲ್ಲಿಯ ಜನರು ಬಹುಕಾಲದಿಂದ ಕಂಡಿರುವ ಬೊಂಬೆ, ಬಿದರಿ ಪಾತ್ರೆ, ಕಸೂತಿಯ ಬಟ್ಟೆಗಳೇ ಈಗ ಇಲ್ಲಿಂದ ನೇರವಾಗಿ ಬಾಸ್ಟನ್ನಿಗೂ ಲಂಡನ್ನಿಗೂ ಪಯಣ ಮಾಡುತ್ತಿವೆ. ಇವರಿಗೆ ಬರುವ ಹಣವು ಡಾಲರಾಗಿ ಹುಟ್ಟಿ ರೂಪಾಯಿಯಾಗಿ ಕೈಸೇರುತ್ತದೆ. ಆ ರೂಪಾಂತರದ ಕ್ಷಣದಲ್ಲಿ ಏನು ನಡೆಯುತ್ತದೆಂಬುದನ್ನೇ ಇಂದು ನಾವು ವಾಚಕರ ಮುಂದಿಡಲು ಬಯಸುತ್ತೇವೆ.

ನೊಯಿಡಾದಲ್ಲಿ ನೆಲೆಸಿರುವ ನಮ್ಮ ಓದುಗರಾದ ಮಹಿಳೆಯೊಬ್ಬರು ತಮ್ಮ ಲೆಕ್ಕದ ಹಾಳೆಗಳನ್ನು ಈಚೆಗೆ ನಮಗೆ ತೋರಿಸಿದರು. ಅವರು ಚನ್ನಪಟ್ಟಣದ ಮರದ ಬೊಂಬೆಗಳನ್ನು ತರಿಸಿ ಅಮೆರಿಕದ ಗಿರಾಕಿಗಳಿಗೆ ಮಾರುತ್ತಾರೆ. ಲೆಕ್ಕವು ಸುಲಭವಾಗಿ ತಿಳಿಯಲೆಂದು ಅಂಕಿಗಳನ್ನು ಸ್ವಲ್ಪ ದುಂಡಾಗಿಸಿ ಕೊಡುತ್ತಿದ್ದೇವೆ. ಒಂದು ತಿಂಗಳಲ್ಲಿ ಅವರ ಮಾರಾಟ 1,150 ಡಾಲರು. ಮಾರುಕಟ್ಟೆಯವರು ತಮ್ಮ ದಲಾಲಿ ಮೊದಲಾದ ಶುಲ್ಕಗಳೆಂದು 150 ಡಾಲರುಗಳನ್ನು ಹಿಡಿದುಕೊಂಡರು. ಈ ಕಡಿತವು ಪಟ್ಟಿಯಲ್ಲಿ ಸಾಲುಸಾಲಾಗಿ ಬರೆದಿದೆ, ಆಕೆಗೆ ಇದು ಮೊದಲೇ ಗೊತ್ತಿದ್ದುದೂ ಹೌದು. ಉಳಿದ 1,000 ಡಾಲರುಗಳನ್ನು ಒಂದು ಪಾವತಿ ಸಂಸ್ಥೆಯ ಮೂಲಕ ರೂಪಾಯಿಗಳನ್ನಾಗಿ ಪರಿವರ್ತಿಸಿ ಅವರ ಬ್ಯಾಂಕಿಗೆ ಕಳುಹಿಸಲಾಯಿತು. ಆ ದಿನ ವಿನಿಮಯ ಪೇಟೆಯಲ್ಲಿ ಡಾಲರಿನ ದರ 90 ರೂಪಾಯಿ. ರಶೀದಿಯಲ್ಲಿ ಪಾವತಿಯ ಶುಲ್ಕವೆಂಬ ಸಾಲಿನ ಎದುರಿಗೆ ಸೊನ್ನೆ ಇತ್ತು. ಆದರೆ ಬ್ಯಾಂಕಿನ ಕಡೆಗೆ ಹೊರಟ ಮೊತ್ತ 90,000 ಅಲ್ಲ, 87,750 ರೂಪಾಯಿ.

2,250 ರೂಪಾಯಿಗಳು ಎಲ್ಲಿ ಹೋದವು? ಯಾರೂ ಅವನ್ನು ಶುಲ್ಕವೆಂದು ಕೇಳಲಿಲ್ಲ, ಯಾವ ಸಾಲಿನಲ್ಲಿಯೂ ಅವು ಕಾಣಿಸಲಿಲ್ಲ. ಡಾಲರಿಗೆ 90 ರೂಪಾಯಿಗಳಿಗೆ ಬದಲಾಗಿ 87 ರೂ. 75 ಪೈಸೆಗಳ ದರವನ್ನು ಹಚ್ಚಲಾಗಿತ್ತು, ಅಷ್ಟೆ. ಅಂದರೆ ಶೇಕಡಾ 2.5ರಷ್ಟು ಹಣವು ದರದೊಳಗೇ ಕರಗಿಹೋಗಿತ್ತು. ಇದರ ಮೇಲೆ, ರೂಪಾಯಿಯ ಪರಿವರ್ತನೆಗೆ ಸಂಬಂಧಿಸಿದ ಸರಕು ಮತ್ತು ಸೇವಾ ತೆರಿಗೆಯೆಂದು 158 ರೂಪಾಯಿಗಳು ಮುರಿದುವು. ಕೊನೆಗೆ ಖಾತೆಗೆ ಸಂದುದು 87,592 ರೂಪಾಯಿ.

ನೂರಕ್ಕೆ ಎರಡೂವರೆ ಎಂದರೆ ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಈ ಎರಡೂವರೆಯು ಲಾಭದ ಮೇಲಿನ ಕಡಿತವಲ್ಲ, ಬಂದ ಹಣದೆಲ್ಲದರ ಮೇಲಿನ ಕಡಿತ. ಆ ತಿಂಗಳು ಬೊಂಬೆಗಳ ಖರೀದಿ, ಚನ್ನಪಟ್ಟಣದಿಂದ ನೊಯಿಡಾದವರೆಗಿನ ಸಾಗಣೆ, ಪೆಟ್ಟಿಗೆ, ಅಮೆರಿಕದವರೆಗಿನ ಕೊರಿಯರ್ ವೆಚ್ಚ ಎಲ್ಲ ಸೇರಿ ಅವರಿಗೆ 78,000 ರೂಪಾಯಿ ಖರ್ಚಾಗಿತ್ತು. ಪೇಟೆಯ ದರದಂತೆ ಹಣ ಬಂದಿದ್ದರೆ ಅವರಿಗೆ ಉಳಿಯುತ್ತಿದ್ದುದು 12,000. ನಿಜವಾಗಿ ಉಳಿದುದು 9,592. ಒಂದು ತಿಂಗಳ ದುಡಿಮೆಯ ಐದರಲ್ಲೊಂದು ಭಾಗವು ಹೀಗೆ ಸದ್ದಿಲ್ಲದೆ ಸರಿದುಹೋಯಿತು. ಪ್ರತಿ ತಿಂಗಳೂ ಇದೇ ಪ್ರಮಾಣವಾದರೆ ವರ್ಷಕ್ಕೆ ಸುಮಾರು 29,000 ರೂಪಾಯಿ. ಹನಿಗೂಡಿದರೆ ಹಳ್ಳವೆಂಬ ನಾಣ್ಣುಡಿಯು ಉಳಿತಾಯಕ್ಕೆ ಎಷ್ಟು ಸತ್ಯವೊ ಸೋರಿಕೆಗೂ ಅಷ್ಟೇ ಸತ್ಯ.

ಈ ಸೋರಿಕೆಯು ಎಲ್ಲಿ ಆಗುತ್ತದೆಂಬುದನ್ನು ಅರಿಯಬೇಕಾದರೆ ಹಣವು ಸಾಗುವ ದಾರಿಯನ್ನು ನೋಡಬೇಕು. ಪರದೇಶದ ಗಿರಾಕಿಯು ತನ್ನ ಕಾರ್ಡಿನಿಂದ ಹಣ ಕೊಡುತ್ತಾನೆ. ಅದು ಮಾರುಕಟ್ಟೆಯವರ ವಶದಲ್ಲಿ ಕೆಲವು ದಿನ ನಿಲ್ಲುತ್ತದೆ. ಅವರು ತಮ್ಮ ಶುಲ್ಕವನ್ನು ಕಳೆದು ಉಳಿದುದನ್ನು ಪಾವತಿ ಸಂಸ್ಥೆಗೆ ಒಪ್ಪಿಸುತ್ತಾರೆ. ಆ ಸಂಸ್ಥೆಯು, ಇಲ್ಲವೆ ಅದರೊಡನೆ ಒಪ್ಪಂದವಿರುವ ಬ್ಯಾಂಕು, ಅದನ್ನು ರೂಪಾಯಿಯಾಗಿಸಿ ಮಾರಾಟಗಾರನ ಖಾತೆಗೆ ಜಮೆ ಮಾಡುತ್ತದೆ. ಬ್ಯಾಂಕು ಬ್ಯಾಂಕುಗಳ ನಡುವೆ ಡಾಲರಿನ ವ್ಯಾಪಾರವು ಕೆಲವೇ ಪೈಸೆಗಳ ಅಂತರದಲ್ಲಿ ನಡೆಯುತ್ತದೆ. ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಈ ದರವನ್ನೇ ಮಧ್ಯದರವೆನ್ನುವುದು. ಪಾವತಿ ಸಂಸ್ಥೆಯು ಸಗಟಾಗಿ ಈ ದರದ ಆಸುಪಾಸಿನಲ್ಲಿ ವ್ಯವಹರಿಸುತ್ತದೆ. ಚಿಲ್ಲರೆಯಾಗಿ ಮಾರಾಟಗಾರನಿಗೆ ಕೊಡುವ ದರವನ್ನು ಮಾತ್ರ ತಾನೇ ಗೊತ್ತುಮಾಡುತ್ತದೆ. ಇವೆರಡರ ನಡುವಿನ ಅಂತರವೇ ಅದರ ಗಳಿಕೆ.

ಪರಿವರ್ತನೆಯು ಒಂದು ಸಲವೇ ನಡೆಯುತ್ತದೆಂದೂ ಭಾವಿಸಬಾರದು. ಒಬ್ಬನು ಇಂಗ್ಲೆಂಡಿನ ಗಿರಾಕಿಗಳಿಗಾಗಿ ತನ್ನ ವಸ್ತುಗಳಿಗೆ ಪೌಂಡಿನಲ್ಲಿ ಬೆಲೆ ಬರೆದಿರುತ್ತಾನೆ. ಅವನ ಪಾವತಿಯ ಖಾತೆಯು ಡಾಲರಿನಲ್ಲಿರುತ್ತದೆ. ಪೌಂಡು ಮೊದಲು ಡಾಲರಾಗಬೇಕು, ಬಳಿಕ ಡಾಲರು ರೂಪಾಯಿಯಾಗಬೇಕು. ಬೆಲೆ ಬರೆದ ನಾಣ್ಯವೂ ಪಾವತಿ ಖಾತೆಯ ನಾಣ್ಯವೂ ಬೇರೆಬೇರೆಯಾದರೆ ಪರಿವರ್ತನೆಗೆ ಶೇಕಡಾ 2.5ರ ಶುಲ್ಕವುಂಟೆಂದು ಎಟ್ಸಿಯವರ ಪ್ರಕಟಿತ ನಿಯಮವೇ ಹೇಳುತ್ತದೆ. ಮೊದಲ ಹೆಜ್ಜೆಯಲ್ಲಿ ಎರಡೂವರೆ, ಎರಡನೆಯ ಹೆಜ್ಜೆಯಲ್ಲಿ ಎರಡು ಎಂದಿಟ್ಟುಕೊಂಡರೆ, 100 ಪೌಂಡುಗಳ ಮೌಲ್ಯದಲ್ಲಿ ಸುಮಾರು ನಾಲ್ಕೂವರೆ ಪೌಂಡುಗಳು ದಾರಿಯಲ್ಲೇ ಕರಗುತ್ತವೆ. ಗಿರಾಕಿಯು ವಸ್ತುವನ್ನು ಹಿಂದಿರುಗಿಸಿದರೆ ಇನ್ನೊಂದು ಪೆಟ್ಟು ಬೀಳುತ್ತದೆ. 60 ಡಾಲರಿನ ಬೊಂಬೆಗೆ 87 ರೂ. 75 ಪೈಸೆಯ ದರದಲ್ಲಿ 5,265 ರೂಪಾಯಿ ಬಂದಿತ್ತೆನ್ನಿ. ಮಾರುಕಟ್ಟೆಯ ಖಾತೆಯಲ್ಲಿ ಡಾಲರು ಉಳಿದಿಲ್ಲದಾಗ, ಮರಳಿಸಬೇಕಾದ 60 ಡಾಲರುಗಳನ್ನು ಆತನ ರೂಪಾಯಿಯಿಂದಲೇ ವಸೂಲು ಮಾಡುತ್ತಾರೆ. ಈ ಸಲ ದರವು 90ರ ಕೆಳಗಿರದೆ ಮೇಲಿರುತ್ತದೆ. 92 ರೂ. 25 ಪೈಸೆಯಾದರೆ 5,535 ರೂಪಾಯಿ ಕೊಡಬೇಕು. ಏನನ್ನೂ ಮಾರದೆಯೇ ಆತನು 270 ರೂಪಾಯಿಗಳನ್ನು ಕಳೆದುಕೊಂಡಂತಾಯಿತು.

ಹಾಗಾದರೆ ಡಾಲರನ್ನು ಡಾಲರಾಗಿಯೇ ಇಟ್ಟುಕೊಂಡು, ಒಳ್ಳೆಯ ದರ ಸಿಕ್ಕಾಗ ಪರಿವರ್ತಿಸಬಾರದೆ ಎಂದು ವಾಚಕರು ಕೇಳಬಹುದು. ದೊಡ್ಡ ರಫ್ತುದಾರರಿಗೆ ಆ ಸೌಕರ್ಯ ಸ್ವಲ್ಪಮಟ್ಟಿಗೆ ಉಂಟು. ವಿದೇಶೀ ನಾಣ್ಯ ಗಳಿಸುವವರಿಗಾಗಿ ಇ.ಇ.ಎಫ್.ಸಿ. ಎಂಬ ವಿಶೇಷ ಖಾತೆಯಿದೆ. ಬಡ್ಡಿಯಿಲ್ಲದ ಆ ಖಾತೆಯಲ್ಲಿ ಒಂದು ತಿಂಗಳು ಜಮೆಯಾದ ಹಣವನ್ನು ಮರುತಿಂಗಳ ಕೊನೆಯವರೆಗೆ ಇಟ್ಟುಕೊಳ್ಳಬಹುದು. ಆದರೆ ಆನ್‌ಲೈನ್ ಮಾರುಕಟ್ಟೆಯ ಸಣ್ಣ ಮಾರಾಟಗಾರನ ಹಣವು ಬರುವ ದಾರಿಯೇ ಬೇರೆ. 2010ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಈ ಬಗೆಯ ಆನ್‌ಲೈನ್ ಪಾವತಿ ಸಂಸ್ಥೆಗಳಿಗೆ ಮೊದಲ ಬಾರಿಗೆ ನಿಯಮಗಳನ್ನು ವಿಧಿಸಿತು. ಆಗ ಒಂದು ವ್ಯವಹಾರಕ್ಕೆ 500 ಡಾಲರುಗಳ ಮಿತಿಯಿತ್ತು. 2013ರ ಹೊತ್ತಿಗೆ ಅದು 10,000 ಡಾಲರಿಗೆ ಏರಿತು. ವಿದೇಶದ ಸಂಗ್ರಹ ಖಾತೆಗೆ ಬಂದ ಹಣವನ್ನು 7 ದಿನಗಳೊಳಗೆ ಭಾರತದ ರಫ್ತುದಾರನ ಖಾತೆಗೆ ತಲುಪಿಸತಕ್ಕದ್ದೆಂದೂ ಆ ನಿಯಮದಲ್ಲಿತ್ತು. 2023ರ ಅಕ್ಟೋಬರ್ 31ರಂದು ಬಂದ ಹೊಸ ನಿರ್ದೇಶವು ಇಂಥ ಸಂಸ್ಥೆಗಳು ರಿಸರ್ವ್ ಬ್ಯಾಂಕಿನ ನೇರ ಅನುಮತಿಯನ್ನು ಪಡೆಯಬೇಕೆಂದು ವಿಧಿಸಿ, ಒಂದು ವಸ್ತುವಿನ ಅಥವಾ ಸೇವೆಯ ಗರಿಷ್ಠ ಬೆಲೆಯನ್ನು 25 ಲಕ್ಷ ರೂಪಾಯಿಗಳೆಂದು ಗೊತ್ತುಪಡಿಸಿತು. ರೂಪಾಯಿಯಲ್ಲದೆ ಬೇರೆ ನಾಣ್ಯದಲ್ಲಿ ಹಣ ಸಲ್ಲಿಸುವುದಕ್ಕೆ, ಸಂಸ್ಥೆಯು ತಾನೇ ನೇರವಾಗಿ ಸೇರಿಸಿಕೊಂಡ ವ್ಯಾಪಾರಿಗಳ ವಿಷಯದಲ್ಲಿ ಮಾತ್ರ ಅವಕಾಶ ಕೊಟ್ಟಿತು. ಮಾರುಕಟ್ಟೆಯ ಮೂಲಕ ಬಂದವರಿಗೆ ಆ ಬಾಗಿಲು ತೆರೆದಿಲ್ಲ.

ಈ ನಿಯಮಗಳ ಉದ್ದೇಶವು ಸಾಧುವಾದುದೇ. ದೇಶಕ್ಕೆ ಬರಬೇಕಾದ ವಿದೇಶೀ ವಿನಿಮಯವು ಹೊರಗೆ ಉಳಿಯಬಾರದು, ಮಾರಾಟಗಾರನ ಹಣವು ಮಧ್ಯವರ್ತಿಯ ಬಳಿ ಸಿಲುಕಬಾರದು ಎಂಬ ಕಾಳಜಿ ಅವುಗಳಲ್ಲಿ ಸ್ಪಷ್ಟವಾಗಿದೆ. ಆದರೆ ಪರಿಣಾಮವನ್ನು ಗಮನಿಸಬೇಕು. ಯಾವಾಗ ಪರಿವರ್ತಿಸಬೇಕೆಂಬ ಸ್ವಾತಂತ್ರ್ಯವು ಸಣ್ಣ ಮಾರಾಟಗಾರನಿಗಿಲ್ಲ. ಯಾರ ಮೂಲಕ ಪರಿವರ್ತಿಸಬೇಕೆಂಬುದನ್ನು ಬಹುಮಟ್ಟಿಗೆ ಮಾರುಕಟ್ಟೆಯೇ ನಿರ್ಧರಿಸುತ್ತದೆ. ಯಾವ ದರದಲ್ಲಿ ಎಂಬುದಂತೂ ಉದ್ದವಾದ ಒಪ್ಪಂದ ಪತ್ರದ ಒಂದು ಷರತ್ತಿಗೆ ಬಿಟ್ಟ ಸಂಗತಿ. ಕೊಳ್ಳುವವರು ಒಬ್ಬರೇ ಇದ್ದು, ಮಾರುವವನು ಕೂಡಲೇ ಮಾರಲೇಬೇಕಾದ ಸಂತೆಯಲ್ಲಿ ಬೆಲೆಯು ಯಾರ ಇಚ್ಛೆಯಂತೆ ನಿಲ್ಲುತ್ತದೆಂಬುದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಪಾವತಿ ಸಂಸ್ಥೆಗಳು ಬಿಟ್ಟಿಯಾಗಿ ದುಡಿಯಬೇಕೆಂದು ನಾವು ಹೇಳುವುದಿಲ್ಲ. ಮಾರಾಟಗಾರನ ಗುರುತನ್ನು ಪರಿಶೀಲಿಸುವುದು, ವಂಚನೆಯನ್ನು ತಡೆಯುವುದು, ಪೇಟೆಗೆ ರಜೆಯಿರುವ ಶನಿವಾರ ಭಾನುವಾರಗಳಲ್ಲಿ ದರ ಬದಲಾಗುವ ಅಪಾಯವನ್ನು ಹೊರುವುದು ಇವೆಲ್ಲಕ್ಕೂ ವೆಚ್ಚವುಂಟು. ಬ್ಯಾಂಕಿನ ಮೂಲಕ ನೇರ ತಂತಿ ವರ್ಗಾವಣೆಯಾದರೆ ಪ್ರತಿಯೊಂದಕ್ಕೂ ನಿಗದಿಯಾದ ಶುಲ್ಕ ತೆರಬೇಕು, ನಡುವಿನ ಬ್ಯಾಂಕು ತನ್ನ ಪಾಲನ್ನು ಮುರಿದುಕೊಳ್ಳುವುದೂ ಉಂಟು. 40 ಡಾಲರಿನ ಬೊಂಬೆಗೆ ಆ ದಾರಿ ಕೂಡಿಬರುವುದಿಲ್ಲ. ನೂರಾರು ಸಣ್ಣ ಮಾರಾಟಗಳನ್ನು ಒಟ್ಟುಗೂಡಿಸಿ ಮನೆಯ ಬಾಗಿಲಿಗೆ ತಂದುಕೊಡುವ ಸೇವೆಯಿಂದಲೇ ಈ ವ್ಯಾಪಾರವು ಸಾಧ್ಯವಾಗಿದೆ. ನಮ್ಮ ಆಕ್ಷೇಪವು ಸೇವೆಗೆ ಬೆಲೆ ಕೇಳುವುದರ ಮೇಲೆ ಅಲ್ಲ. ಬೆಲೆಯನ್ನು ಸೊನ್ನೆಯೆಂದು ರಶೀದಿಯಲ್ಲಿ ಬರೆದು, ದರದಲ್ಲಿ ವಸೂಲು ಮಾಡುವುದರ ಮೇಲೆ. ಅಂಗಡಿಕಾರನು ಲಾಭವಿಟ್ಟು ಮಾರುವುದು ವ್ಯಾಪಾರ, ತಕ್ಕಡಿಯ ತಟ್ಟೆಯ ಕೆಳಗೆ ಹುಣಿಸೆಹಣ್ಣು ಅಂಟಿಸುವುದು ಬೇರೆ.

ಈ ಕಡಿತವು ಮಾರಾಟಗಾರನ ಸ್ವಂತ ಲೆಕ್ಕದ ಪುಸ್ತಕದಲ್ಲಿಯೂ ಮರೆಯಾಗುವುದಕ್ಕೆ ಒಂದು ವಿಚಿತ್ರ ಕಾರಣವಿದೆ. ಸರಕು ಮತ್ತು ಸೇವಾ ತೆರಿಗೆಯ ನಿಯಮದಂತೆ, ವಿದೇಶೀ ನಾಣ್ಯದಲ್ಲಿ ಮಾರಿದ ಸರಕಿನ ಮೌಲ್ಯವನ್ನು ಸುಂಕದ ಇಲಾಖೆಯವರು ಪ್ರಕಟಿಸುವ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸಿ ಬರೆಯಬೇಕು. ಮೇಲಿನ ಮಹಿಳೆಯ ಉದಾಹರಣೆಯನ್ನೇ ಮುಂದುವರಿಸೋಣ. ಮಾಲನ್ನು ಕಳುಹಿಸಿದ ದಿನ ಆ ದರ 89 ರೂ. 50 ಪೈಸೆಯಿದ್ದರೆ, 1,000 ಡಾಲರಿಗೆ ಪುಸ್ತಕದಲ್ಲಿ 89,500 ರೂಪಾಯಿ ಎಂದು ಬರೆಯಲಾಗುತ್ತದೆ. ಪರಿವರ್ತನೆಯಾಗಿ ಬಂದುದು 87,750. ವ್ಯತ್ಯಾಸವಾದ 1,750 ರೂಪಾಯಿಗಳನ್ನು ಲೆಕ್ಕಿಗನು 'ವಿನಿಮಯ ನಷ್ಟ' ಎಂಬ ಶೀರ್ಷಿಕೆಯ ಕೆಳಗೆ ಬರೆದು ಮುಗಿಸುತ್ತಾನೆ. ಡಾಲರು ಬಿದ್ದಿರಬೇಕೆಂದು ಮಾಲಿಕರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ.

ಆದರೆ ಡಾಲರು ಬಿದ್ದಿರಲಿಲ್ಲ, 89 ರೂ. 50 ಪೈಸೆಯಿಂದ 90ಕ್ಕೆ ಏರಿತ್ತು! ಪೇಟೆಯ ಚಲನೆಯಿಂದ ಅವರಿಗೆ 500 ರೂಪಾಯಿ ಲಾಭವೇ ಆಗಿತ್ತು. ಆ ಲಾಭವನ್ನೂ ನುಂಗಿ, ಅದರ ಮೇಲೆ 1,750 ರೂಪಾಯಿಗಳನ್ನು ಕಳೆದುದು 2,250 ರೂಪಾಯಿಗಳ ಪರಿವರ್ತನೆಯ ವೆಚ್ಚ. ಒಂದೇ ಸಾಲಿನಲ್ಲಿ ಬರೆದುದರಿಂದ ಶುಲ್ಕವು ವಿಧಿಯ ವೇಷವನ್ನು ಧರಿಸಿತು. ವಿಧಿಯೊಡನೆ ಯಾರೂ ಚೌಕಾಶಿ ಮಾಡುವುದಿಲ್ಲ, ಶುಲ್ಕದೊಡನೆ ಮಾಡಬಹುದು. ಆದುದರಿಂದ ಪ್ರತಿಯೊಬ್ಬ ಮಾರಾಟಗಾರನೂ ಈ ಒಂದು ಸಾಲನ್ನು ಎರಡಾಗಿ ಒಡೆಯಬೇಕೆಂದು ನಾವು ಸೂಚಿಸುತ್ತೇವೆ. ಮಾಲು ಹೊರಟ ದಿನದ ದರಕ್ಕೂ ಹಣ ಬಂದ ದಿನದ ಮಧ್ಯದರಕ್ಕೂ ಇರುವ ವ್ಯತ್ಯಾಸವು ನಿಜವಾದ ವಿನಿಮಯ ಲಾಭನಷ್ಟ. ಹಣ ಬಂದ ದಿನದ ಮಧ್ಯದರಕ್ಕೂ ತನಗೆ ದೊರೆತ ದರಕ್ಕೂ ಇರುವ ವ್ಯತ್ಯಾಸವು ಪರಿವರ್ತನೆಯ ವೆಚ್ಚ.

ಆ ಮಧ್ಯದರವನ್ನು ತಿಳಿಯುವ ಬಗೆ ಹೇಗೆ? ಇದಕ್ಕೆ ಪರದೇಶದ ಯಾವ ತಾಣವನ್ನೂ ಆಶ್ರಯಿಸಬೇಕಾಗಿಲ್ಲ. ರೂಪಾಯಿಯ ಉಲ್ಲೇಖ ದರವನ್ನು ಹಿಂದೆ ರಿಸರ್ವ್ ಬ್ಯಾಂಕೇ ಪ್ರಕಟಿಸುತ್ತಿತ್ತು. 2018ರ ಜುಲೈಯಿಂದ ಆ ಕೆಲಸವನ್ನು ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಎಂಬ ಸಂಸ್ಥೆಯು ನಡೆಸುತ್ತಿದೆ. ಡಾಲರು, ಪೌಂಡು, ಯೂರೋ, ಯೆನ್ನುಗಳಿಗೆ ಕೆಲಸದ ಪ್ರತಿ ದಿನವೂ ಮಧ್ಯಾಹ್ನ ಈ ದರವು ಪ್ರಕಟವಾಗುತ್ತದೆ. ಮಾರಾಟಗಾರನು ಮಾಡಬೇಕಾದುದು ಒಂದು ಭಾಗಾಕಾರ, ಒಂದು ವ್ಯವಕಲನ. ಪರಿವರ್ತನೆಯಾಗಿ ಬಂದ ರೂಪಾಯಿಗಳನ್ನು, ಪರಿವರ್ತನೆಗೆ ಹೋದ ಡಾಲರುಗಳಿಂದ ಭಾಗಿಸಿದರೆ ತನಗೆ ನಿಜವಾಗಿ ದೊರೆತ ದರವು ಸಿಗುತ್ತದೆ. ಅದನ್ನು ಆ ದಿನದ ಉಲ್ಲೇಖ ದರದಿಂದ ಕಳೆದು, ಉಳಿದುದನ್ನು ಉಲ್ಲೇಖ ದರಕ್ಕೆ ಶೇಕಡಾವಾರು ಹಚ್ಚಿದರೆ ತೆತ್ತ ವೆಚ್ಚವು ಹೊರಬೀಳುತ್ತದೆ. ಇಲ್ಲಿ ಹಿಡಿಯಬೇಕಾದ ದಿನಾಂಕವು ಪರಿವರ್ತನೆಯಾದ ದಿನದ್ದು, ಬ್ಯಾಂಕಿಗೆ ಹಣ ಜಮೆಯಾದ ದಿನದ್ದಲ್ಲ. ಇವೆರಡರ ನಡುವೆ ಒಂದೆರಡು ದಿನ ಕಳೆದಿರುವುದುಂಟು.

ಒಂದೇ ಪಾವತಿಯನ್ನು ನೋಡಿ ತೀರ್ಪು ಕೊಡಬಾರದೆಂಬ ಎಚ್ಚರಿಕೆಯನ್ನೂ ಹೇಳಬೇಕು. ಒಂದೇ ದಿನದಲ್ಲಿ ಡಾಲರು ಹತ್ತಾರು ಪೈಸೆ ಏರಿಳಿಯುವುದು ಸಾಮಾನ್ಯ. ಬೆಳಿಗ್ಗೆಯೋ ರಾತ್ರಿಯೋ ನಡೆದ ಪರಿವರ್ತನೆಯನ್ನು ಮಧ್ಯಾಹ್ನದ ದರಕ್ಕೆ ಹೋಲಿಸಿದರೆ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಎಂಟು ಹತ್ತು ಪಾವತಿಗಳ ಲೆಕ್ಕವನ್ನು ಒಂದರ ಕೆಳಗೊಂದರಂತೆ ಬರೆಯಬೇಕು. ಪೇಟೆಯ ಏರಿಳಿತವಾದರೆ ಒಮ್ಮೆ ನಮ್ಮ ಕಡೆಗೂ ಇನ್ನೊಮ್ಮೆ ಅವರ ಕಡೆಗೂ ವಾಲುತ್ತದೆ. ಅಂತರವು ಸದಾ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ವಾಲುತ್ತಿದ್ದರೆ ಅದು ಏರಿಳಿತವಲ್ಲ, ಶುಲ್ಕವೇ ಎಂದು ನಿಶ್ಚಯಿಸಬಹುದು.

ಹೀಗೆ ಕಂಡುಕೊಂಡ ಬಳಿಕ ಮಾರಾಟಗಾರನು ಮಾಡಬಹುದಾದುದು ಸ್ವಲ್ಪವೇ ಆದರೂ ಅದು ನಿಷ್ಪ್ರಯೋಜಕವಲ್ಲ. ಬೆಲೆ ಬರೆಯುವ ನಾಣ್ಯವನ್ನೂ ಪಾವತಿ ಖಾತೆಯ ನಾಣ್ಯವನ್ನೂ ಒಂದೇ ಆಗಿಸಿ ಎರಡು ಪರಿವರ್ತನೆಗಳನ್ನು ಒಂದಕ್ಕೆ ಇಳಿಸಬಹುದು. ಒಂದಕ್ಕಿಂತ ಹೆಚ್ಚು ಪಾವತಿ ಸಂಸ್ಥೆಗಳನ್ನು ಆರಿಸಿಕೊಳ್ಳಲು ಮಾರುಕಟ್ಟೆಯು ಅವಕಾಶ ಕೊಟ್ಟಿರುವಲ್ಲಿ, 1,000 ಡಾಲರಿಗೆ ಎಲ್ಲ ಕಡಿತಗಳ ಬಳಿಕ ಬ್ಯಾಂಕಿಗೆ ಎಷ್ಟು ರೂಪಾಯಿ ಜಮೆಯಾಯಿತು ಎಂಬ ಒಂದೇ ಪ್ರಶ್ನೆಯಿಂದ ಅವರನ್ನು ಹೋಲಿಸಬೇಕು. 'ಶುಲ್ಕವಿಲ್ಲ' ಎಂಬ ಜಾಹೀರಾತಿಗಿಂತ ಈ ಒಂದು ಅಂಕಿಯು ಹೆಚ್ಚು ನಂಬಿಗೆಗೆ ಅರ್ಹ. ಚಿಕ್ಕ ಚಿಕ್ಕ ಮೊತ್ತಗಳನ್ನು ಪದೇ ಪದೇ ತರಿಸಿಕೊಳ್ಳುವುದರಲ್ಲಿಯೂ ನಷ್ಟವಿದೆ. ಬ್ಯಾಂಕುಗಳು ಅನುಸರಿಸಬಹುದಾದ ತೆರಿಗೆಯ ಪಟ್ಟಿಯಂತೆ, ಒಂದು ಲಕ್ಷ ರೂಪಾಯಿಯವರೆಗಿನ ಪರಿವರ್ತನೆಗೆ ಅದರ ಶೇಕಡಾ 1ನ್ನು ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ಶೇಕಡಾ 18ರ ತೆರಿಗೆ ಹಾಕಲಾಗುತ್ತದೆ. ಆ ಮೌಲ್ಯವು 250 ರೂಪಾಯಿಗಿಂತ ಕಡಿಮೆಯಾಗುವಂತಿಲ್ಲ. ಎಂದರೆ 4,000 ರೂಪಾಯಿ ಬಂದರೂ 25,000 ಬಂದರೂ ತೆರಿಗೆ 45 ರೂಪಾಯಿಯೇ. ಮಾರುಕಟ್ಟೆಯ ನಿಯಮ ಅವಕಾಶ ಕೊಡುವಷ್ಟು ಮಟ್ಟಿಗೆ ಪಾವತಿಗಳನ್ನು ಒಟ್ಟುಗೂಡಿಸಿ ತರಿಸುವುದು ಲೇಸು. ಆದರೆ ಡಾಲರು ಏರಲೆಂದು ಕಾಯುವುದು ವ್ಯಾಪಾರವಲ್ಲ, ಜೂಜು. ಕೊನೆಯದಾಗಿ, ತೆತ್ತ ಪರಿವರ್ತನೆಯ ವೆಚ್ಚವನ್ನು ಕೊರಿಯರ್ ವೆಚ್ಚದಂತೆಯೇ ವಸ್ತುವಿನ ಬೆಲೆಯನ್ನು ಕಟ್ಟುವಾಗ ಲೆಕ್ಕಕ್ಕೆ ಹಿಡಿಯಬೇಕು.

ಈ ಕೊನೆಯ ಮಾತು ಇಂದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. 800 ಡಾಲರಿನವರೆಗಿನ ಪೊಟ್ಟಣಗಳಿಗೆ ಅಮೆರಿಕವು ಕೊಡುತ್ತಿದ್ದ ಸುಂಕ ವಿನಾಯಿತಿಯು 2025ರ ಆಗಸ್ಟ್ 29ರಂದು ಕೊನೆಗೊಂಡಿತು. ಆ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆಯು ಅಮೆರಿಕಕ್ಕೆ ಹೋಗುವ ಪೊಟ್ಟಣಗಳನ್ನು ನಿಲ್ಲಿಸಿ, ಅಕ್ಟೋಬರ್ ಮಧ್ಯದಲ್ಲಷ್ಟೇ ಮತ್ತೆ ತೆಗೆದುಕೊಳ್ಳಲಾರಂಭಿಸಿತು. ಸುಂಕದ ಭಾರದಿಂದ ಬೆಲೆಯು ಈಗಾಗಲೇ ಏರಿರುವಾಗ ಇನ್ನೆರಡು ಡಾಲರುಗಳನ್ನು ಸೇರಿಸಿದರೆ ಗಿರಾಕಿಯು ದೂರ ಸರಿಯಬಹುದೆಂಬ ಭಯವು ನಿಜವಾದುದು. ಹೀಗೆ ಬೆಲೆ ಏರಿಸಲಾಗದ ಮಾರಾಟಗಾರನು ಕೊನೆಗೆ ಕೈ ಚಾಚುವುದು ತನಗಿಂತ ಬಡವನಾದವನ ಕಡೆಗೆ. ನೊಯಿಡಾದಲ್ಲಿ ಕಡಿತವಾದ 2,408 ರೂಪಾಯಿಗಳನ್ನು ಸರಿದೂಗಿಸಲು ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕುಶಲಕರ್ಮಿಯ ಕೂಲಿಯ ಮೇಲೆ ಚೌಕಾಶಿ ನಡೆಯುತ್ತದೆ. ದರದಲ್ಲಿ ಅಡಗಿರುವ ಕಡಿತವನ್ನು ನಾವು ಗಂಭೀರವಾಗಿ ಪರಿಗಣಿಸುವುದಕ್ಕೆ ಮುಖ್ಯ ಕಾರಣವೇ ಇದು.

ಆದುದರಿಂದ ಪರಿಹಾರವನ್ನು ವ್ಯಕ್ತಿಯ ಜಾಣತನಕ್ಕೆ ಮಾತ್ರ ಬಿಡುವುದು ಸಲ್ಲದು. ದೊಡ್ಡ ಮಾರಾಟಗಾರರಿಗೆ ಕಡಿಮೆ ಪರಿವರ್ತನಾ ಶುಲ್ಕವನ್ನು ವಿಧಿಸುವ ಪದ್ಧತಿಯು ಮಾರುಕಟ್ಟೆಗಳಲ್ಲಿದೆ. ಸಣ್ಣವನಿಗೆ ಚೌಕಾಶಿಯ ಬಲವಿಲ್ಲ. ಅವನಿಗೆ ಬೇಕಾದುದು ಬೆಳಕು. ಯುರೋಪಿನ ಒಕ್ಕೂಟವು 2019ರಲ್ಲಿ ಒಂದು ನಿಯಮವನ್ನು ಮಾಡಿ, ಕಾರ್ಡಿನ ವ್ಯವಹಾರಗಳಲ್ಲಿ ನಾಣ್ಯ ಪರಿವರ್ತನೆಗೆ ವಿಧಿಸುವ ವೆಚ್ಚವನ್ನು ಯುರೋಪಿನ ಕೇಂದ್ರ ಬ್ಯಾಂಕಿನ ಉಲ್ಲೇಖ ದರದ ಮೇಲೆ ಇಷ್ಟು ಶೇಕಡಾ ಎಂದು ತಿಳಿಸಬೇಕೆಂದು ವಿಧಿಸಿತು. ದರಕ್ಕೆ ಮಿತಿ ಹಾಕುವುದು ಅದರ ಉದ್ದೇಶವಾಗಿರಲಿಲ್ಲ. ತೆರುವವನಿಗೆ ತಾನು ಎಷ್ಟು ತೆರುತ್ತಿದ್ದೇನೆಂದು ತಿಳಿಯಬೇಕೆಂಬುದಷ್ಟೇ ಅದರ ತತ್ತ್ವ.

ನಮ್ಮಲ್ಲಿ ಇದಕ್ಕೆ ಹೊಸ ಅಳತೆಗೋಲನ್ನು ಕಂಡುಹಿಡಿಯಬೇಕಾದ ಅಗತ್ಯವೂ ಇಲ್ಲ. ಸರಕು ಮತ್ತು ಸೇವಾ ತೆರಿಗೆಯ ನಿಯಮಾವಳಿಯ 32ನೆಯ ನಿಯಮವನ್ನು ನೋಡಿರಿ. ನಾಣ್ಯ ಬದಲಾಯಿಸುವ ಸೇವೆಯ ಮೌಲ್ಯವನ್ನು ಗೊತ್ತುಮಾಡುವ ಒಂದು ವಿಧಾನವಾಗಿ ಅದು ಹೇಳುವುದೇನು? ಕೊಳ್ಳುವ ಅಥವಾ ಮಾರುವ ದರಕ್ಕೂ ರಿಸರ್ವ್ ಬ್ಯಾಂಕಿನ ಉಲ್ಲೇಖ ದರಕ್ಕೂ ಇರುವ ಅಂತರವನ್ನು, ಬದಲಾಯಿಸಿದ ನಾಣ್ಯದ ಮೊತ್ತದಿಂದ ಗುಣಿಸಿದರೆ ಬರುವುದೇ ಸೇವೆಯ ಮೌಲ್ಯ ಎಂದು. ದರದ ಅಂತರವೇ ಸೇವೆಯ ಬೆಲೆಯೆಂಬುದನ್ನು ಸರಕಾರವು ತೆರಿಗೆಯನ್ನು ಎತ್ತುವುದಕ್ಕಾಗಿ ಹೀಗೆ ಒಪ್ಪಿಕೊಂಡಾಗಿದೆ. ತೆರಿಗೆ ಎತ್ತುವವನಿಗೆ ಕಾಣುವ ಬೆಲೆಯು ತೆರಿಗೆ ತೆರುವವನ ರಶೀದಿಯಲ್ಲಿ ಏಕೆ ಕಾಣಬಾರದು? ವಿದೇಶೀ ಹಣವನ್ನು ಭಾರತಕ್ಕೆ ತರುವ ಪಾವತಿ ಸಂಸ್ಥೆಗಳು ಪ್ರತಿ ರಶೀದಿಯಲ್ಲಿಯೂ ಆ ದಿನದ ಉಲ್ಲೇಖ ದರ, ತಾವು ಕೊಟ್ಟ ದರ, ಇವೆರಡರ ಅಂತರ ರೂಪಾಯಿಗಳಲ್ಲಿ ಎಷ್ಟು ಎಂಬ ಮೂರು ಅಂಕಿಗಳನ್ನು ಮುದ್ರಿಸತಕ್ಕದ್ದೆಂದು ರಿಸರ್ವ್ ಬ್ಯಾಂಕು ವಿಧಿಸಲಿ. ಇದರಿಂದ ಸರಕಾರಕ್ಕೆ ಒಂದು ಪೈಸೆಯ ಹೊರೆಯೂ ಇಲ್ಲ.

ಆ ನಿಯಮ ಬರುವವರೆಗೆ ನಮ್ಮ ಕೈಯಲ್ಲಿರುವ ಕೆಲಸವನ್ನು ನಾವು ಮಾಡಬೇಕು. ಈ ಬಗೆಯ ವ್ಯಾಪಾರದಲ್ಲಿ ತೊಡಗಿರುವ ರಾಜಧಾನಿಯ ಕನ್ನಡಿಗರು ದಿಲ್ಲಿ ಕರ್ನಾಟಕ ಸಂಘದ ಆವರಣದಲ್ಲೋ ತಮ್ಮ ಬಡಾವಣೆಯ ಸಂಘದಲ್ಲೋ ಒಂದು ಸಂಜೆ ಕಲೆತು, ಕಳೆದ ಹತ್ತು ಪಾವತಿಗಳ ರಶೀದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಯಾವ ದಾರಿಯಿಂದ ಬಂದ 1,000 ಡಾಲರು ಎಷ್ಟು ರೂಪಾಯಿಯಾಯಿತೆಂಬುದು ಒಂದೇ ಹಾಳೆಯ ಮೇಲೆ ಗೋಚರವಾಗುತ್ತದೆ. ನಮಗೆ ಲೆಕ್ಕ ತೋರಿಸಿದ ಮಹಿಳೆಯು ಹಿಂದಿನ ವರ್ಷದ ಪುಸ್ತಕವನ್ನು ತೆರೆದು 'ವಿನಿಮಯ ನಷ್ಟ' ಎಂಬ ಸಾಲನ್ನು ಈಗ ಎರಡಾಗಿ ಒಡೆದು ಬರೆಯುತ್ತಿದ್ದಾರೆ. ಹನ್ನೆರಡು ತಿಂಗಳುಗಳ ಪೈಕಿ ಅವರು ಇದುವರೆಗೆ ಏಳನ್ನು ಮುಗಿಸಿದ್ದಾರೆ. ಏಳರಲ್ಲಿಯೂ ಅಂತರವು ಒಂದೇ ಕಡೆಗೆ ವಾಲಿದೆ.